ಲೆಕ್ಕದಲ್ಲಿ ಸಿಗದ ಗಿಫ್ಟ್ ಬಾಕ್ಸ್‌ಗಳು

ರಾಜಾಜಿನಗರದ ಒಂದು ಸೂಪರ್ ಮಾರ್ಕೆಟ್‌ನ ತಿಂಗಳ ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ. ಅಂಗಡಿಗೆ ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲ ಇದೆ, ಹಾಗಾಗಿ ಪ್ರತಿ ತಿಂಗಳೂ ಸ್ಟಾಕ್ ಸ್ಟೇಟ್‌ಮೆಂಟ್ ಕೊಡಲೇಬೇಕು. ಇಡೀ ಅಂಗಡಿಯನ್ನು ಎಣಿಸುವುದು ಮಾರ್ಚ್ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಮಾತ್ರ. ಉಳಿದ ತಿಂಗಳು ರೀಟೇಲ್ ಮೆಥಡ್‌ನಲ್ಲಿ ಅಂದಾಜು ಮಾಡುತ್ತೇವೆ.

ಕಂಪ್ಯೂಟರ್‌ನಲ್ಲೇ ಐಟಂವಾರು ಸ್ಟಾಕ್ ಇರುತ್ತಲ್ವಾ ಅಂತ ಕೇಳುವವರಿದ್ದಾರೆ. ಇರುತ್ತದೆ. ಆದರೆ ಯಶವಂತಪುರದ ಮಂಡಿಯಿಂದ ಮೂಟೆಯಲ್ಲಿ ಬಂದ ಬೇಳೆ, ಡಬ್ಬದಲ್ಲಿ ಬಂದ ಗೋಡಂಬಿ ನಮ್ಮಲ್ಲೇ ಅರ್ಧ ಕೆಜಿ, ಕಾಲು ಕೆಜಿ ಪ್ಯಾಕ್ ಆಗುತ್ತವೆ. ಅಲ್ಲಿ ಐಟಂವಾರು ಲೆಕ್ಕ ಬೇಗ ಕೆಡುತ್ತದೆ. ರೀಟೇಲ್ ಮೆಥಡ್‌ಗೆ ಬೇಕಾದದ್ದು ಒಟ್ಟು ಮೊತ್ತ ಮಾತ್ರ. ಅಂಗಡಿಯಲ್ಲಿದ್ದ ಮತ್ತು ತಿಂಗಳಲ್ಲಿ ಬಂದ ಮಾಲನ್ನೆಲ್ಲ ಮಾರಾಟ ಬೆಲೆಯಲ್ಲಿ ಕೂಡಬೇಕು. ಮಾರಿಹೋದದ್ದನ್ನೂ ಬೆಲೆ ಇಳಿಸಿದ್ದನ್ನೂ ಕಳೆಯಬೇಕು. ಉಳಿದದ್ದನ್ನು ಒಂದು ಶೇಕಡಾವಾರಿನಿಂದ ಖರೀದಿ ಬೆಲೆಗೆ ತರಬೇಕು. ಲಾಭದ ಪ್ರಮಾಣ ಹೆಚ್ಚುಕಮ್ಮಿ ಒಂದೇ ಇರುವ ಮಾಲಿಗೆ ಇದನ್ನು ಲೆಕ್ಕಪತ್ರದ ನಿಯಮಗಳೇ ಒಪ್ಪುತ್ತವೆ. ಅದಕ್ಕೇ ಒಂದೊಂದು ವಿಭಾಗಕ್ಕೂ ಬೇರೆ ಬೇರೆ ಲೆಕ್ಕ. ತರಕಾರಿಯನ್ನೂ ಡ್ರೈಫ್ರೂಟ್ಸನ್ನೂ ಒಟ್ಟಿಗೆ ಸೇರಿಸಿದರೆ ಆ ಶೇಕಡಾವಾರಿಗೆ ಅರ್ಥವೇ ಇರುವುದಿಲ್ಲ.

ನಾನು ಹೇಳಹೊರಟಿರುವುದು ಒಂದು ಅಕ್ಟೋಬರ್ ಕೊನೆಯ ವಿಷಯ. ಆ ವರ್ಷ ದೀಪಾವಳಿ ಅಕ್ಟೋಬರ್‌ನಲ್ಲೇ ಮುಗಿದಿತ್ತು. ಡ್ರೈಫ್ರೂಟ್ಸ್ ಮತ್ತು ಗಿಫ್ಟ್ ಬಾಕ್ಸ್ ವಿಭಾಗದ ಲೆಕ್ಕ ಹಾಕುತ್ತಿದ್ದೆ. ತಿಂಗಳ ಶುರುವಿನ ಸ್ಟಾಕ್ ಖರೀದಿ ಬೆಲೆಯಲ್ಲಿ 6 ಲಕ್ಷ, ಮಾರಾಟ ಬೆಲೆಯಲ್ಲಿ 7.50 ಲಕ್ಷ. ಹಬ್ಬಕ್ಕೆ ಬಂದ ಮಾಲು ಖರೀದಿಯಲ್ಲಿ 18 ಲಕ್ಷ, ಮಾರಾಟ ಬೆಲೆಯಲ್ಲಿ 22.20 ಲಕ್ಷ. ಮಾರ್ಕಪ್ 30 ಸಾವಿರ.

ಈ ಮಾರ್ಕಪ್ ಎಲ್ಲಿಂದ ಬಂತು ಅಂತ ಹೇಳಬೇಕು. ಪ್ಯಾಕ್ ಮೇಲೆ ಅಚ್ಚಾದ ಎಂಆರ್‌ಪಿಗಿಂತ ಜಾಸ್ತಿಗೆ ಮಾರುವಂತಿಲ್ಲ. ಆದರೆ ಎಂಆರ್‌ಪಿ 300 ಇರುವ ಒಣದ್ರಾಕ್ಷಿ ಪ್ಯಾಕನ್ನು ನಾವು 260ಕ್ಕೆ ಇಟ್ಟಿರುತ್ತೇವೆ. ಹಬ್ಬ ಹತ್ತಿರ ಬಂದಾಗ 275 ಮಾಡಿದರೆ ಆ 15 ರೂಪಾಯಿ ಮಾರ್ಕಪ್. ಮಾರಾಟ ಬೆಲೆ ಅಂದರೆ ರ‍್ಯಾಕಿನ ಲೇಬಲ್ ಮೇಲಿರುವ ಬೆಲೆಯೇ ಹೊರತು ಎಂಆರ್‌ಪಿ ಅಲ್ಲ. ಎಂಆರ್‌ಪಿಯನ್ನೇ ಹಿಡಿದರೆ ಇಲ್ಲದ ಸ್ಟಾಕ್ ಪುಸ್ತಕದಲ್ಲಿ ಬೆಳೆಯುತ್ತಾ ಹೋಗುತ್ತದೆ. ಇನ್ನೊಂದು ಎಚ್ಚರ ಜಿಎಸ್‌ಟಿಯದ್ದು. ಕೌಂಟರ್ ಬಿಲ್‌ನಲ್ಲಿ ತೆರಿಗೆ ಸೇರಿರುತ್ತದೆ, ನಮ್ಮ ಖರೀದಿ ಲೆಕ್ಕದಲ್ಲಿ ಇರುವುದಿಲ್ಲ. ಹಾಗಾಗಿ ಈ ವಿಭಾಗದ ಲೆಕ್ಕಕ್ಕೆ ಹಿಡಿದ ಎಲ್ಲ ಮೊತ್ತವೂ ತೆರಿಗೆ ತೆಗೆದದ್ದು.

ಕೂಡಿದರೆ ಖರೀದಿ 24 ಲಕ್ಷ, ಮಾರಾಟ ಬೆಲೆ 30 ಲಕ್ಷ. ಅಂದರೆ ಖರೀದಿ ಬೆಲೆ ಮಾರಾಟ ಬೆಲೆಯ ಶೇ. 80. ಮಾರಾಟ 22 ಲಕ್ಷ, ಬೆಲೆ ಇಳಿಸಿದ್ದಕ್ಕೆ ಬರೆದಿಟ್ಟ ಮಾರ್ಕ್‌ಡೌನ್ 80 ಸಾವಿರ. ಮಾರಾಟ ಬೆಲೆಯಲ್ಲಿ ಉಳಿಯಬೇಕಾದದ್ದು 7.20 ಲಕ್ಷ.

ಆ ಮೊತ್ತ ನೋಡಿ ನನಗೆ ಸಮಾಧಾನವಾಗಲಿಲ್ಲ. ಗಿಫ್ಟ್ ಬಾಕ್ಸ್ ಇಡುವ ರ‍್ಯಾಕ್ ಖಾಲಿಯಾಗಿತ್ತು, ಅದನ್ನು ಬೆಳಗ್ಗೆ ನಾನೇ ನೋಡಿದ್ದೆ. 31ರ ರಾತ್ರಿ ಶಟರ್ ಎಳೆದ ಮೇಲೆ ಆ ಒಂದು ವಿಭಾಗವನ್ನು ಮಾತ್ರ ಎಣಿಸೋಣ ಅಂದೆ. ಲೇಬಲ್ ಬೆಲೆಯಲ್ಲಿ ಸಿಕ್ಕಿದ್ದು ಸರಿಯಾಗಿ 6 ಲಕ್ಷ. 1.20 ಲಕ್ಷದ ಮಾಲು ಇಲ್ಲ.

ಯಜಮಾನರ ಮುಖ ಕೆಂಪಾಯಿತು. "ಮೇಡಂ, ಇದು ಕಳ್ಳತನಾನೇ. ಲೋಡಿಂಗ್ ಹುಡುಗರದ್ದೇ ಕೆಲಸ. ಈ ತಿಂಗಳು ಅವರ ಸಂಬಳ ತಡೆಹಿಡೀತೀನಿ" ಅಂದರು. ಫ್ಲೋರ್ ಸೂಪರ್‌ವೈಸರ್ ತಲೆ ತಗ್ಗಿಸಿ ನಿಂತಿದ್ದರು. ಲೋಡಿಂಗ್ ಹುಡುಗರು ರಾಯಚೂರು ಕಡೆಯವರು, ಸಂಬಳದಲ್ಲಿ ಮುಕ್ಕಾಲು ಭಾಗ ಊರಿಗೆ ಕಳಿಸುವವರು. ನನಗೆ ತುಂಬಾ ಸಂಕಟವಾಯಿತು. "ಸರ್, ಒಂದು ದಿನ ಟೈಮ್ ಕೊಡಿ. ಬಿಲ್ ನೋಡದೆ ಯಾರ ಮೇಲೂ ಹಾಕಬೇಡಿ" ಅಂದೆ.

ಕಳ್ಳತನವಾಗಿದ್ದರೆ ಸಾಮಾನ್ಯವಾಗಿ ಚಿಕ್ಕ, ದುಬಾರಿ ಮಾಲು ಹೋಗುತ್ತದೆ. ಕೇಸರಿ, ಬಾದಾಮಿ, ಪಿಸ್ತಾ. ಅವುಗಳ ಪ್ಯಾಕ್ ಎಣಿಸಿದ್ದನ್ನು ಸಿಸ್ಟಂ ಜೊತೆ ಹೋಲಿಸಿದೆ. ಹೆಚ್ಚೇನೂ ವ್ಯತ್ಯಾಸ ಇರಲಿಲ್ಲ. ಹಾಗಾದರೆ ಹೋಗಿರುವುದು ದೊಡ್ಡ ಡಬ್ಬವೇ, ಅಂದರೆ ಗಿಫ್ಟ್ ಬಾಕ್ಸ್. ಅಷ್ಟು ದೊಡ್ಡದನ್ನು ಯಾರು ಕದ್ದು ಒಯ್ಯುತ್ತಾರೆ?

ಮರುದಿನ ರಾಜ್ಯೋತ್ಸವ. ಹೊರಗೆ ಆಟೋ ಸ್ಟ್ಯಾಂಡಿನಲ್ಲಿ ಬಾವುಟ ಹಾರಿಸಿ ಹಾಡು ಹಾಕಿದ್ದರು. ಒಳಗೆ ನಾನು, ಕ್ಯಾಶಿಯರ್ ಹುಡುಗಿ ಹಬ್ಬ ಕಳೆದ ಮೇಲಿನ ದಿನಗಳ ಬಿಲ್ ತೆಗೆದು ಕೂತೆವು. ಒಂದು ಬಿಲ್‌ನಲ್ಲಿ ಗಿಫ್ಟ್ ಬಾಕ್ಸ್ ಎರಡು ಸಾಲು ಇತ್ತು. ಮೊದಲನೆಯದು ತೆರಿಗೆ ಬಿಟ್ಟು 600.00. ಅದರ ಕೆಳಗೆ ಅದೇ ಬಾಕ್ಸ್, 0.00.

"ಇದೇನಮ್ಮಾ?"

"ಒಂದು ತಗೊಂಡ್ರೆ ಒಂದು ಫ್ರೀ ಆಫರ್ ಇತ್ತಲ್ಲ ಮೇಡಂ. ಫ್ರೀದನ್ನ ಸೊನ್ನೆ ಹಾಕಿ ಬಿಲ್ ಮಾಡಿ ಅಂತ ಹೇಳಿದ್ರು."

ಅಲ್ಲಿಗೆ ವಿಷಯ ಬಿಚ್ಚಿಕೊಂಡಿತು. ಹಬ್ಬ ಮುಗಿದ ಮೇಲೆ ಬಾಕ್ಸ್ ಉಳಿಯಬಾರದು ಅಂತ ಆಫರ್ ಇಟ್ಟಿದ್ದರು. ಎರಡು ಬಾಕ್ಸ್ ಅಂಗಡಿಯಿಂದ ಹೊರಗೆ ಹೋಗಿವೆ. ಲೇಬಲ್ ಪ್ರಕಾರ 1,200 ರೂಪಾಯಿಯ ಮಾಲು. ಮಾರಾಟ ಅಂತ ಬಂದದ್ದು 600. ಉಳಿದ 600 ಮಾರ್ಕ್‌ಡೌನ್. ಅದನ್ನು ಯಾರೂ ಎಲ್ಲೂ ಬರೆದಿಲ್ಲ. ಬರೆಯದ ಮಾರ್ಕ್‌ಡೌನ್ ಪುಸ್ತಕದಲ್ಲಿ ಸ್ಟಾಕ್ ಆಗಿಯೇ ಉಳಿಯುತ್ತದೆ, ಎಣಿಸಿದಾಗ ಮಾಲು ಕಳುವಾದಂತೆ ಕಾಣುತ್ತದೆ. ರೀಟೇಲ್ ಮೆಥಡ್‌ನಲ್ಲಿ ಇದಕ್ಕಿಂತ ಕೆಟ್ಟ ತಪ್ಪು ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ, ಯಾಕೆಂದರೆ ಅದರ ಏಟು ಬೀಳುವುದು ಅಂಗಡಿಯಲ್ಲಿ ದುಡಿಯುವವರ ಮೇಲೆ.

ಸೊನ್ನೆ ಬೆಲೆಯ ಸಾಲುಗಳನ್ನೆಲ್ಲ ಹುಡುಕಿ ತೆಗೆದೆವು. 190 ಬಾಕ್ಸ್. 600ರಂತೆ 1.14 ಲಕ್ಷ. ಮಾರ್ಕ್‌ಡೌನ್ ಈಗ 1.94 ಲಕ್ಷ ಆಯಿತು. 30 ಲಕ್ಷದಿಂದ ಅದನ್ನೂ 22 ಲಕ್ಷದ ಮಾರಾಟವನ್ನೂ ಕಳೆದರೆ 6.06 ಲಕ್ಷ. ಎಣಿಸಿದ್ದು 6 ಲಕ್ಷ. ನಿಜವಾದ ಶಾರ್ಟೇಜ್ 6 ಸಾವಿರ ಅಷ್ಟೇ. ಪ್ಯಾಕ್ ಮಾಡುವಾಗ ತೂಕದಲ್ಲಿ ಹೋದದ್ದು, ಒಡೆದ ಕವರು, ಎಲ್ಲ ಸೇರಿ ಈ ವಿಭಾಗದಲ್ಲಿ ಅಷ್ಟು ಇರುವುದೇ.

ಯಜಮಾನರಿಗೆ ಇನ್ನೊಂದು ಪ್ರಶ್ನೆ ಇತ್ತು. "ಮಾರ್ಕಪ್ ಸೇರಿಸಿ ಶೇಕಡಾ ಲೆಕ್ಕ ಹಾಕ್ತೀರಿ, ಮಾರ್ಕ್‌ಡೌನ್ ಯಾಕೆ ಕಳೆಯಲ್ಲ?" ಒಳ್ಳೆಯ ಪ್ರಶ್ನೆ. 30 ಲಕ್ಷದಲ್ಲಿ 1.94 ಲಕ್ಷ ಕಳೆದು, ಉಳಿದದ್ದರಿಂದ 24 ಲಕ್ಷವನ್ನು ಭಾಗಿಸಿದರೆ ಪ್ರಮಾಣ ಶೇ. 85.5ಕ್ಕೆ ಏರುತ್ತದೆ, 6 ಲಕ್ಷದ ಸ್ಟಾಕ್ 5.13 ಲಕ್ಷ ಆಗುತ್ತದೆ. ಕಳೆಯದಿದ್ದರೆ 4.80 ಲಕ್ಷ. ಉತ್ತರಕ್ಕೆ ಎರಡೇ ಬಾಕ್ಸ್ ಸಾಕು. ಎರಡೂ 80ಕ್ಕೆ ತಂದು 100 ಬೆಲೆ ಹಚ್ಚಿದ್ದೇವೆ ಅಂದುಕೊಳ್ಳಿ. ಒಂದನ್ನು 75ಕ್ಕೆ ಇಳಿಸಿ ಮಾರಿದೆವು. ಉಳಿದದ್ದರ ಖರೀದಿ 80. ಮಾರ್ಕ್‌ಡೌನ್ ಕಳೆಯದ ಲೆಕ್ಕ ಸರಿಯಾಗಿ 80 ಅನ್ನುತ್ತದೆ. ಕಳೆದ ಲೆಕ್ಕ 160ನ್ನು 175ರಿಂದ ಭಾಗಿಸಿ 91 ಅನ್ನುತ್ತದೆ. ಮಾರಿಹೋದ ಬಾಕ್ಸಿನ ನಷ್ಟ ಉಳಿದ ಬಾಕ್ಸಿನ ಮೇಲೆ ಕೂತುಬಿಡುತ್ತದೆ.

ಆದರೆ ಇಳಿಸಿದ ಬಾಕ್ಸೇ ಉಳಿದು, ಇನ್ನೊಂದು 100ಕ್ಕೆ ಮಾರಿಹೋಗಿದ್ದರೆ? ಆಗ 75ರ ಶೇ. 80, ಅಂದರೆ 60 ಬರುತ್ತದೆ. 75ಕ್ಕೆ ಮಾರಬಹುದಾದ ಮಾಲಿಗೆ ಅದು ತೀರಾ ಕಮ್ಮಿ. ಹಾಗಾಗಿ ಬೆಲೆ ಇಳಿಸಿದ ಮಾಲು ಇನ್ನೂ ರ‍್ಯಾಕಿನಲ್ಲಿದೆಯಾ ಅಂತ ನೋಡಲೇಬೇಕು. ತುಂಬಾ ಇದ್ದರೆ ಅದನ್ನು ಬೇರೆಯಾಗಿ ಎಣಿಸುವುದು ಒಳ್ಳೆಯದು. ನಮ್ಮಲ್ಲಿ ಬಾಕ್ಸ್ ಎಲ್ಲ ಖಾಲಿಯಾಗಿದ್ದವು, ಶೇ. 80 ಸರಿಹೋಯಿತು.

ಬ್ಯಾಂಕಿನ ಸ್ಟಾಕ್ ಸ್ಟೇಟ್‌ಮೆಂಟ್‌ಗೆ ಈ ವಿಭಾಗದ ಸ್ಟಾಕ್ 4.80 ಲಕ್ಷ ಅಂತ ಹೋಯಿತು. ಮೊದಲಿನ 7.20 ಲಕ್ಷವನ್ನೇ ನಂಬಿದ್ದರೆ 5.76 ಹೋಗುತ್ತಿತ್ತು, ಆ 96 ಸಾವಿರದ ಸುಳ್ಳು ನವೆಂಬರ್‌ನ ಆರಂಭದ ಸ್ಟಾಕ್ ಆಗಿ ಮುಂದುವರಿಯುತ್ತಿತ್ತು. ಈಗ ಸೊನ್ನೆ ಬೆಲೆಯ ಬಿಲ್ ಆಗದಂತೆ ಸಿಸ್ಟಂನಲ್ಲಿ ತಡೆ ಹಾಕಿಸಿದ್ದೇವೆ. ಫ್ರೀ ಕೊಡುವ ಪೀಸೂ ಪೂರ್ತಿ ಬೆಲೆಗೆ ಬಿಲ್ ಆಗಿ, ಅಷ್ಟೇ ಮೊತ್ತ ಆಫರ್ ಅನ್ನುವ ಹೆಸರಿನಲ್ಲಿ ಕಳೆಯುತ್ತದೆ, ತಿಂಗಳ ಕೊನೆಗೆ ಆ ಪಟ್ಟಿ ನನ್ನ ಕೈಗೆ ಬರುತ್ತದೆ. ಹುಡುಗರ ಸಂಬಳ ಅದೇ ಸಂಜೆ ಅವರ ಖಾತೆಗೆ ಹೋಯಿತು.