193ನೇ ದಿನ ಎಂದರೆ ಜುಲೈ 11 ಅಥವಾ 12?

ಬೆಳೆಯ ಹಸಿರನ್ನು ಉಪಗ್ರಹ ಚಿತ್ರಗಳಿಂದ ಅಳೆಯುವುದು ನನ್ನ ಕೆಲಸ. ನಾಸಾದ ಮೋಡಿಸ್ ಉಪಕರಣದ ದತ್ತಾಂಶವನ್ನು ಇಳಿಸಿಕೊಂಡಾಗ ಕಡತದ ಹೆಸರಿನಲ್ಲಿ ತಿಂಗಳೂ ಇರುವುದಿಲ್ಲ, ತಾರೀಖೂ ಇರುವುದಿಲ್ಲ. `MOD13Q1.A2023193.h25v07` ಎಂದು ಶುರುವಾಗುತ್ತದೆ. h25v07 ಎಂಬುದು ಕರ್ನಾಟಕ ಪೂರ್ತಿ ಅಡಗುವ ಚೌಕ. A2023193 ಎಂದರೆ 2023ರ 193ನೇ ದಿನದಿಂದ ಆರಂಭವಾಗುವ ಹದಿನಾರು ದಿನಗಳ ಚಿತ್ರ.

ನಮ್ಮ ತಂಡಕ್ಕೆ ಹಿಂದಿನವರಿಂದ ಬಂದ ಎಕ್ಸೆಲ್ ಹಾಳೆಯೊಂದಿತ್ತು. ಅದರಲ್ಲಿ ಇದೇ ಕಡತದ ಎದುರು 11-Jul ಎಂದಿತ್ತು. ಸಹೋದ್ಯೋಗಿಯೊಬ್ಬರ ಪೈಥಾನ್ ಪ್ರೋಗ್ರಾಂ ಜುಲೈ 12 ಎಂದಿತು. ಯಾರು ಸರಿ ಎಂದು ನೋಡಲು ಕೈಲೆಕ್ಕವೇ ಸಾಕು. ಸಾಮಾನ್ಯ ವರ್ಷದಲ್ಲಿ ಜೂನ್ ಮುಗಿಯುವಾಗ 181 ದಿನಗಳು ಕಳೆದಿರುತ್ತವೆ. 193ರಿಂದ 181 ಕಳೆದರೆ 12. ಅಧಿಕ ವರ್ಷದಲ್ಲಿ ಫೆಬ್ರುವರಿಯ ಒಂದು ದಿನ ಸೇರಿ 182 ಆಗುತ್ತದೆ, ಉಳಿಯುವುದು 11. ಹಾಗಾಗಿ 2023ಕ್ಕೆ ಜುಲೈ 12, 2024ಕ್ಕೆ ಜುಲೈ 11. ಹಳೆಯ ಹಾಳೆ 2023ಕ್ಕೂ ಅಧಿಕ ವರ್ಷದ ಉತ್ತರವನ್ನೇ ಕೊಡುತ್ತಿತ್ತು.

ಕಾರಣ ಹುಡುಕಿದಾಗ ಅಲ್ಲಿ ಸೂತ್ರವೇ ಇರಲಿಲ್ಲ. ಕೋಶದಲ್ಲಿ 193 ಎಂಬ ಸಂಖ್ಯೆಯನ್ನು ಬರೆದು, ಅದನ್ನು `dd-mmm` ಎಂದು ತೋರಿಸುವಂತೆ ಮಾಡಿದ್ದರು, ಅಷ್ಟೇ. ಎಕ್ಸೆಲ್ ಪ್ರತಿ ತಾರೀಖನ್ನೂ 1900ರ ಜನವರಿ 1ರಿಂದ ಎಣಿಸಿದ ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. ಜೊತೆಗೆ, ಲೋಟಸ್ 1-2-3 ಎಂಬ ಹಳೆಯ ಲೆಕ್ಕಹಾಳೆ ಪ್ರೋಗ್ರಾಂಗೆ ಹೊಂದಿಕೊಳ್ಳಲೆಂದು 1900 ಅಧಿಕ ವರ್ಷವಾಗಿತ್ತು ಎಂದೇ ಅದು ಲೆಕ್ಕ ಹಾಕುತ್ತದೆ. ನಿಜದಲ್ಲಿ 1900 ಅಧಿಕ ವರ್ಷವಲ್ಲ: ನೂರರಿಂದ ಭಾಗವಾಗುವ ವರ್ಷ ನಾನೂರರಿಂದಲೂ ಭಾಗವಾಗಬೇಕು, 2000 ಆದ ಹಾಗೆ. ಎಕ್ಸೆಲ್‌ನ 60ನೇ ದಿನ ಎಂದೂ ಇರದ 1900ರ ಫೆಬ್ರುವರಿ 29. ಹೀಗಾಗಿ ಬರಿಯ ದಿನಸಂಖ್ಯೆಯನ್ನು ತಾರೀಖಿನ ವೇಷದಲ್ಲಿ ತೋರಿಸಿದರೆ ಯಾವ ವರ್ಷವಾದರೂ ಅಧಿಕ ವರ್ಷದ ಪಂಚಾಂಗವೇ ಕಾಣುತ್ತದೆ.

ಈ ತಪ್ಪು ಬೇಗ ಕಣ್ಣಿಗೆ ಬೀಳದಿರುವುದಕ್ಕೂ ಕಾರಣವಿದೆ. ಹದಿನಾರು ದಿನಗಳ ಚಿತ್ರಗಳು 1, 17, 33, 49, 65, 81 ಎಂದು ಆರಂಭವಾಗುತ್ತವೆ. ಮೊದಲ ನಾಲ್ಕು ಯಾವ ವರ್ಷದಲ್ಲೂ ಸರಿ. ಸಾಮಾನ್ಯ ವರ್ಷದಲ್ಲಿ 65ರಿಂದ ಮುಂದೆ ಎಲ್ಲವೂ ಒಂದು ದಿನ ಹಿಂದೆ. 60 ಪಟ್ಟಿಯಲ್ಲೇ ಇಲ್ಲದ್ದರಿಂದ 2023ರ ಎದುರು 29-Feb ಎಂದು ಕಾಣಿಸಿ ಎಚ್ಚರಿಸುವ ಸಂದರ್ಭವೇ ಬರುವುದಿಲ್ಲ. ಅಂತರಗಳೂ ಹದಿನಾರೇ ಇರುತ್ತವೆ. ಸುಳಿವು ಸಿಗುವುದು ವರ್ಷದ ಕೊನೆಯಲ್ಲಿ: ಕೊನೆಯ ಚಿತ್ರ 353ರಿಂದ ಮುಂದಿನ ಜನವರಿ 1ಕ್ಕೆ ಸಾಮಾನ್ಯ ವರ್ಷದಲ್ಲಿ 13 ದಿನಗಳು, ಅಧಿಕ ವರ್ಷದಲ್ಲಿ 14. ನಮ್ಮ ಹಾಳೆಯಲ್ಲಿ ಎಲ್ಲ ವರ್ಷಕ್ಕೂ 14 ಬರುತ್ತಿತ್ತು. ದಿನವಾರು ಮಳೆಯ ಅಂಕಿಗಳ ಪಕ್ಕಕ್ಕೆ ಇಟ್ಟಾಗ ಈ ಒಂದು ದಿನ ಒಂದು ಇಡೀ ಮಳೆಯನ್ನೇ ಹಿಂದಿನ ಚಿತ್ರದ ಅವಧಿಗೋ ಮುಂದಿನದಕ್ಕೋ ತಳ್ಳಿಬಿಡಬಹುದು.

ಈಗ ನಾವು ವರ್ಷವನ್ನು ದಿನಸಂಖ್ಯೆಯಿಂದ ಎಂದೂ ಬೇರ್ಪಡಿಸುವುದಿಲ್ಲ. A2 ಕೋಶದಲ್ಲಿ 2023193 ಇದ್ದರೆ ಮೊದಲ ಸಾಲು ತಾರೀಖು ಕೊಡುತ್ತದೆ. B2ರಲ್ಲಿರುವ ಆ ತಾರೀಖನ್ನು ಎರಡನೆಯದು ದಿನಸಂಖ್ಯೆಗೆ ಮರಳಿಸುತ್ತದೆ:

```
=DATE(LEFT(A2,4),1,RIGHT(A2,3))
=B2-DATE(YEAR(B2),1,0)
```

ಜನವರಿಯ 193ನೇ ತಾರೀಖು ಎಂದು ಕೇಳಿದರೂ ಎಕ್ಸೆಲ್ ತಿಂಗಳುಗಳನ್ನು ದಾಟಿಸಿ ಜುಲೈ 12ಕ್ಕೆ ತಲುಪಿಸುತ್ತದೆ. ಜನವರಿಯ ಸೊನ್ನೆಯ ತಾರೀಖು ಎಂದರೆ ಹಿಂದಿನ ಡಿಸೆಂಬರ್ 31. ಎರಡನೆಯ ಸಾಲಿನ ಕೋಶವನ್ನು ಸಾಮಾನ್ಯ ಸಂಖ್ಯೆಯ ರೂಪದಲ್ಲಿಡಬೇಕು, ಇಲ್ಲವಾದರೆ ಮತ್ತೆ 1900ರ ತಾರೀಖು ಕಾಣುತ್ತದೆ. ಹೊಸ ಹಾಳೆ ಬಂದರೆ ನಾನು ಮೊದಲು ಹಾಕುವುದು 2023060 ಮತ್ತು 2024060. ಮಾರ್ಚ್ 1 ಮತ್ತು ಫೆಬ್ರುವರಿ 29 ಬಂದರೆ ಮಾತ್ರ ಮುಂದಿನ ಕೆಲಸ.

ಒಂದು ಕಡೆ ಸರಿಯಾದ ಸೂತ್ರವೂ ಕೈಕೊಡುತ್ತದೆ. ಇದೇ ಕಡತದೊಳಗೆ ಪ್ರತಿ ಚುಕ್ಕೆಯೂ ನಿಜವಾಗಿ ಯಾವ ದಿನ ಸೆರೆಯಾಯಿತು ಎಂದು ಹೇಳುವ ಪದರವೊಂದಿದೆ, ಆದರೆ ಅಲ್ಲಿ ದಿನಸಂಖ್ಯೆ ಮಾತ್ರ ಇರುತ್ತದೆ, ವರ್ಷ ಇರುವುದಿಲ್ಲ. 353ರ ಚಿತ್ರದ ಹದಿನಾರು ದಿನಗಳು ಹೊಸ ವರ್ಷಕ್ಕೂ ಚಾಚುತ್ತವೆ: 2023ರದ್ದು ಜನವರಿ 3ರವರೆಗೆ, 2024ರದ್ದು ಜನವರಿ 2ರವರೆಗೆ. A2023353ರಲ್ಲಿ ಒಂದು ಚುಕ್ಕೆಯ ಬೆಲೆ 2 ಇದ್ದರೆ ಅದು 2024ರ ಜನವರಿ 2. ಕಡತದ ವರ್ಷವನ್ನೇ ಹಚ್ಚಿದರೆ ಸರಿಯಾಗಿ ಒಂದು ವರ್ಷ ಹಿಂದಕ್ಕೆ ಬೀಳುತ್ತದೆ. ಚುಕ್ಕೆಯ ದಿನಸಂಖ್ಯೆ ಕಡತದ ಆರಂಭದ ಸಂಖ್ಯೆಗಿಂತ ಚಿಕ್ಕದಾಗಿದ್ದರೆ ವರ್ಷಕ್ಕೆ ಒಂದನ್ನು ಕೂಡಿಸಿ, ಆಮೇಲೆ ತಾರೀಖಿಗೆ ಬದಲಿಸಬೇಕು.