ತಡಿಯಂಡಮೋಳ್ ದಾರೀಲಿ ಎರಡು ದಿನ ಬ್ಯಾಟರಿ ಉಳಿಸಿದ್ದು

ಕೊಡಗಿನ ಕಕ್ಕಬ್ಬೆಗೆ ಬಂದು ಹೋಂಸ್ಟೇ ಸೇರೋ ಹೊತ್ತಿಗೆ ಕರೆಂಟ್ ಹೋಗಿತ್ತು. ಮಳೆಗೆ ಎಲ್ಲೋ ಮರ ಬಿದ್ದಿದೆ, ನಾಳೆನೂ ಬರೋದು ಡೌಟು ಅಂದ್ರು ಮನೆ ಆಂಟಿ. ಮಾರನೇ ದಿನ ತಡಿಯಂಡಮೋಳ್ ಬೆಟ್ಟ, ಅದರ ಮಾರನೇ ದಿನ ಪಾಡಿ ಇಗ್ಗುತ್ತಪ್ಪ ದೇವಸ್ಥಾನದ ಕಡೆ ನಡಿಗೆ, ಎರಡೂ ದಾರಿನ ಜಿಪಿಎಸ್‌ನಲ್ಲಿ ಲಾಗ್ ಮಾಡ್ಕೋಬೇಕು ಅಂತ ನಮ್ಮ ಪ್ಲಾನ್. ಕೈಯಲ್ಲಿದ್ದಿದ್ದು ಒಂದು 10000 ಎಂಎಎಚ್ ಪವರ್‌ಬ್ಯಾಂಕ್. ಅದರ ಮೇಲೆ ಬರೆದಿರೋ ಅಷ್ಟೂ ಫೋನಿಗೆ ಬರಲ್ಲ, ಒಳಗಿನ ಸೆಲ್ಲಿನ 3.7 ವೋಲ್ಟನ್ನ 5 ವೋಲ್ಟಿಗೆ ಏರಿಸೋದರಲ್ಲಿ, ಬಿಸಿಯಾಗೋದರಲ್ಲಿ ಕಳೆದು ಸುಮಾರು 6000 ಚಿಲ್ಲರೆ ಸಿಗತ್ತೆ, ಅಂದ್ರೆ 5000ದ ಫೋನನ್ನ ಒಂದ್ಸಲ ಪೂರ್ತಿ ಚಾರ್ಜ್ ಮಾಡಿದ್ರೆ ಹೆಚ್ಚೇನೂ ಉಳಿಯಲ್ಲ.

ನಾನೂ ತಮ್ಮನೂ ಒಂದೇ ಮಾಡೆಲ್ ಫೋನ್ ಒಟ್ಟಿಗೇ ತಗೊಂಡಿದ್ವಿ. ಬೆಳಿಗ್ಗೆ 7ಕ್ಕೆ ನಾಲ್ಕುನಾಡು ಅರಮನೆ ಹತ್ರ ನಿಂತಾಗ ಎರಡರಲ್ಲೂ ಬ್ಯಾಟರಿ 100. ದೊಡ್ಡ ವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ ಅರಮನೆ ಅದು, ಚೆಂದದ ಜಾಗ, ಆದ್ರೆ ನಾನು ಅವತ್ತು ಅಂಗಳದಲ್ಲಿ ನಿಂತು ಮೊದಲು ಮಾಡಿದ್ದು ಜಿಪಿಎಸ್ ಫಿಕ್ಸ್ ತಗೊಂಡಿದ್ದು, ಅಂದ್ರೆ ನಾವಿರೋ ಜಾಗ ಫೋನಿಗೆ ಸರಿಯಾಗಿ ಸಿಗೋ ತನಕ ಕಾದಿದ್ದು. ಏರೋಪ್ಲೇನ್ ಮೋಡ್‌ಗೆ ಹಾಕೋಕೆ ಮುಂಚೆ ಇದು ಆಗ್ಲೇಬೇಕು. ಯಾವ ಸ್ಯಾಟಲೈಟ್ ಎಲ್ಲಿದೆ ಅನ್ನೋ ಮಾಹಿತಿನ ಫೋನು ನೆಟ್ ಇದ್ರೆ ಕೆಲವೇ ಸೆಕೆಂಡಲ್ಲಿ ಇಳಿಸ್ಕೊಳತ್ತೆ. ನೆಟ್ ಇಲ್ಲದಿದ್ರೆ ಅದನ್ನ ಸ್ಯಾಟಲೈಟಿಂದಲೇ ಕೇಳಿಸ್ಕೋಬೇಕು, ಅದು ಬರೋದು ಬಲು ನಿಧಾನ, ಬಯಲಲ್ಲೇ ಸುಮಾರು 30 ಸೆಕೆಂಡ್ ತಡೆಯಿಲ್ದೆ ಸಿಗ್ನಲ್ ಸಿಗ್ಬೇಕು, ಮರದಡಿ ಮಧ್ಯೆ ಮಧ್ಯೆ ಕಡಿದು ಹೋಗಿ ನಿಮಿಷಗಟ್ಲೆ ಹುಡುಕ್ತಾನೇ ಇರತ್ತೆ. ಅರಮನೆ ಅಂಗಳ ಬಯಲು, ನೆಟ್ಟೂ ಎರಡು ಕಡ್ಡಿ ಇತ್ತು. ಫಿಕ್ಸ್ ಆಯ್ತು, ಲಾಗ್ ಶುರು ಮಾಡ್ದೆ, ಆಮೇಲೆ ಏರೋಪ್ಲೇನ್ ಮೋಡ್ ಒತ್ತಿದೆ.

ಏರೋಪ್ಲೇನ್ ಮೋಡ್ ಹಾಕಿದ್ರೆ ಜಿಪಿಎಸ್ಸೂ ಆಫ್ ಆಗತ್ತೆ ಅಂತ ತುಂಬಾ ಜನ ಅಂದ್ಕೊಂಡಿದಾರೆ, ತಮ್ಮನೂ ಹಾಗೇ ಅಂದ. ಈಗಿನ ಫೋನಲ್ಲಿ ಹಾಗಾಗಲ್ಲ, ಯಾಕಂದ್ರೆ ಜಿಪಿಎಸ್ ಬರೀ ಕೇಳಿಸ್ಕೊಳತ್ತೆ, ಏನನ್ನೂ ಕಳಿಸಲ್ಲ. ಆ ಮೋಡ್ ಹಾಕಿದ್ರೆ ಆಫ್ ಆಗೋದು ಕಳಿಸೋ ರೇಡಿಯೋಗಳು. ಬ್ಯಾಟರಿ ತಿನ್ನೋದೂ ಅವೇ. ಚೆಕ್‌ಪೋಸ್ಟ್ ದಾಟಿ ಗುಡ್ಡದ ಒಳಗೆ ಹೋಗ್ತಿದ್ದಂಗೆ ಟವರ್ ಒಂದ್ಸಲ ಸಿಗತ್ತೆ ಒಂದ್ಸಲ ಹೋಗತ್ತೆ, ಸಿಕ್ಕಾಗ ದೂರದ ಟವರಿಗೆ ಮುಟ್ಟೋಕೆ ಫೋನು ಜೋರಾಗಿ ಕೂಗಬೇಕು, ಹೋದಾಗ ಮತ್ತೆ ಮತ್ತೆ ಹುಡುಕ್ಬೇಕು. ನೆಟ್‌ವರ್ಕ್ ಚೆನ್ನಾಗಿರೋ ಮಡಿಕೇರಿ ಪೇಟೆಗಿಂತ ಈ ಅರ್ಧಂಬರ್ಧ ಸಿಗ್ನಲ್ ಇರೋ ಜಾಗದಲ್ಲೇ ಬ್ಯಾಟರಿ ಬೇಗ ಇಳಿಯೋದು ಇದಕ್ಕೇ.

ತಮ್ಮ ಏನೂ ಬದಲಾಯಿಸ್ಲಿಲ್ಲ. ನೆಟ್ ಆನ್, ಲಾಗ್ 1 ಸೆಕೆಂಡಿಗೊಂದು, ಆಗಾಗ ಸ್ಕ್ರೀನ್ ತೆಗೆದು ಮ್ಯಾಪ್ ನೋಡೋದು. ಹಳ್ಳದ ಹತ್ರ 9 ಗಂಟೆಗೆ ನೋಡ್ದಾಗ ಅವನದು 78, ನಂದು 95.

ಲಾಗಿಂಗ್ ಇಂಟರ್ವಲ್, ಅಂದ್ರೆ ಎಷ್ಟು ಹೊತ್ತಿಗೊಂದು ಪಾಯಿಂಟ್ ಹಾಕೋದು, ಅದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ 1 ಸೆಕೆಂಡ್ ಬದಲು 10 ಸೆಕೆಂಡ್ ಇಟ್ರೆ ಹತ್ತನೇ ಒಂದು ಭಾಗ ಖರ್ಚು ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ. ಫೈಲಿಗೆ ಬರೆಯೋದು ಖರ್ಚೇ ಅಲ್ಲ, ಖರ್ಚು ಇರೋದು ಜಿಪಿಎಸ್ ಚಿಪ್ ಎಚ್ಚರ ಇರೋ ಹೊತ್ತಲ್ಲಿ. ಎರಡು ಪಾಯಿಂಟ್ ನಡುವೆ ಚಿಪ್ ನಿಜವಾಗ್ಲೂ ಮಲಗಿದ್ರೆ ಮಾತ್ರ ಉಳಿತಾಯ. ಬಯಲಲ್ಲಿ ಎದ್ದು ಮತ್ತೆ ಫಿಕ್ಸ್ ಹಿಡಿಯೋಕೆ ಕೆಲವು ಸೆಕೆಂಡ್ ಸಾಕು, ಹಾಗಾಗಿ 30 ಸೆಕೆಂಡ್ ಇಟ್ರೆ ಒಳ್ಳೇ ಲಾಭ. ದಟ್ಟ ಶೋಲಾ ಕಾಡಲ್ಲಿ ಫಿಕ್ಸ್ ಹಿಡಿಯೋಕೇ 20 ಸೆಕೆಂಡ್ ಹೋದ್ರೆ 30ರ ಇಂಟರ್ವಲ್‌ನಲ್ಲಿ ಮಲಗೋಕೆ ಟೈಮೇ ಎಲ್ಲಿದೆ, ಅಲ್ಲಿ 60 ಮಾಡಿದ್ರೇನೇ ವ್ಯತ್ಯಾಸ ಕಾಣೋದು. ನಾನು GPSLogger ಅನ್ನೋ ಆ್ಯಪ್ ಬಳಸ್ತೀನಿ, ಅದರಲ್ಲಿ Logging interval ಜೊತೆಗೆ Keep GPS on between fixes ಅಂತ ಇನ್ನೊಂದು ಇದೆ, ಅದು ಆನ್ ಇದ್ರೆ ಇಂಟರ್ವಲ್ ಎಷ್ಟೇ ಇಟ್ರೂ ಚಿಪ್ ಮಲಗಲ್ಲ. ಅದನ್ನ ಆಫ್ ಮಾಡಿ 30 ಇಟ್ಟಿದ್ದೆ, ತುದಿಗೆ ಮುಂಚೆ ಬರೋ ಕಡಿದಾದ ಕಾಡಿನ ಏರಿಗೆ 60 ಮಾಡ್ಕೊಂಡೆ.

ಅಷ್ಟು ದೂರ ದೂರ ಪಾಯಿಂಟ್ ಬಿದ್ರೆ ದಾರಿ ತಪ್ಪಾಗಲ್ವಾ ಅಂದ್ರೆ, ಏರಲ್ಲಿ ನಾವು ಗಂಟೆಗೆ 2 ಕಿಮೀ ನಡೆದ್ರೆ ಜಾಸ್ತಿ. ಅಂದ್ರೆ 30 ಸೆಕೆಂಡಿಗೆ ಸುಮಾರು 17 ಮೀಟರ್. 1 ಸೆಕೆಂಡಿಗೆ ಅರ್ಧ ಮೀಟರ್ ಮಾತ್ರ, ಆದ್ರೆ ಮರದಡಿ ಜಿಪಿಎಸ್ಸೇ 10-15 ಮೀಟರ್ ಆಚೀಚೆ ತೋರಿಸ್ತಿರತ್ತೆ, ಹಾಗಿದ್ಮೇಲೆ ಅರ್ಧರ್ಧ ಮೀಟರಿಗೆ ಗುರುತು ಹಾಕಿ ಏನು ಸಿಕ್ತು? ತಮ್ಮನ ಟ್ರ್ಯಾಕಲ್ಲಿ ಅದು ಚೆನ್ನಾಗಿ ಕಾಣ್ತಿತ್ತು, ನಾವು ದೊಡ್ಡ ಬಂಡೆ ಹತ್ರ ಕೂತು ಅಕ್ಕಿ ರೊಟ್ಟಿ ತಿಂದ ಜಾಗದಲ್ಲಿ ಗೆರೆ ಸಿಕ್ಕಾದ ನೂಲುಂಡೆ ಥರ ಇತ್ತು, ಕೂತಲ್ಲೇ ನೂರಾರು ಮೀಟರ್ ನಡೆದ ಲೆಕ್ಕ ಸೇರ್ಕೊಂಡಿತ್ತು. ಹೌದು, 60 ಇಟ್ಟ ಕಡೆ ನನ್ನ ಟ್ರ್ಯಾಕಲ್ಲಿ ತಿರುವುಗಳು ಸ್ವಲ್ಪ ಕತ್ತರಿಸಿ ಹೋಗಿವೆ, ಒಟ್ಟು ದೂರನೂ ಕಡಿಮೆ ತೋರ್ಸತ್ತೆ. ವಾಪಸ್ ದಾರಿ ಹುಡುಕೋಕೆ ಅದು ಸಾಕು, ಕವಲು ಬರೋ ಕಡೆ ಮಾತ್ರ ನಾನೇ ಕೈಯಿಂದ ಒಂದೊಂದು ಪಾಯಿಂಟ್ ಹಾಕಿದ್ದೆ.

1748 ಮೀಟರ್ ತುದಿಗೆ 11:30ಕ್ಕೆ ಬಂದ್ವಿ. ಮಂಜು ಒಂದ್ಸಲ ಸರಿದು ಎದುರು ಬೆಟ್ಟದ ಸಾಲು ಪೂರ್ತಿ ಕಾಣಿಸ್ತು. ಅಲ್ಲಿ ನಾನು ಐದು ನಿಮಿಷ ಏರೋಪ್ಲೇನ್ ಮೋಡ್ ತೆಗೆದು ಮನೆಗೂ ಹೋಂಸ್ಟೇ ಆಂಟಿಗೂ ಮೆಸೇಜ್ ಹಾಕಿ ಮತ್ತೆ ಒತ್ತಿದೆ. ನಂದು 88, ತಮ್ಮನದು 49. ಅವನಿಗೆ ಗಾಬರಿ ಆಯ್ತು, "ಅಣ್ಣಾ ನಾನು ಪವರ್ ಸೇವಿಂಗ್ ಹಾಕ್ಬಿಡ್ತೀನಿ" ಅಂದ. ಹಾಕಿದ್ರೆ ಲಾಗ್ ನಿಂತ್ರೂ ನಿಲ್ಲತ್ತೆ ಕಣೋ, ಏರೋಪ್ಲೇನ್ ಮೋಡ್ ಹಾಕು ಸಾಕು ಅಂದೆ, ಕೇಳ್ಲಿಲ್ಲ.

ಇಳಿದು ಬಂದು ನೋಡಿದ್ರೆ ಹಾಗೇ ಆಗಿತ್ತು. ತುದಿಯಿಂದ ಅವನು ಮತ್ತೆ ಸ್ಕ್ರೀನ್ ತೆಗೆದ ಹಳ್ಳದವರೆಗೆ ಕಣಿವೆ ಮೇಲೇ ಹಾರಿದಂಗೆ ಒಂದೇ ನೇರ ಗೆರೆ. ಆಂಡ್ರಾಯ್ಡಲ್ಲಿ ಬ್ಯಾಟರಿ ಸೇವರ್ ಆನ್ ಆದ್ರೆ ಸ್ಕ್ರೀನ್ ಆಫ್ ಆದ ಕೂಡ್ಲೇ ಲೊಕೇಶನ್ ಕೊಡೋದನ್ನ ನಿಲ್ಲಿಸೋ ಫೋನ್‌ಗಳಿವೆ, ಕೆಲವು ಹಿಂದೆ ಓಡ್ತಿರೋ ಆ್ಯಪನ್ನೇ ಮುಚ್ಚಿಬಿಡ್ತವೆ. ಹಾಗಾಗಿ ಲಾಗ್ ಬೇಕು ಅಂದ್ರೆ ನಾನು ಸೇವರ್ ಹಾಕಲ್ಲ. ಅದು ಮಾಡೋ ಕೆಲಸನ ಕೈಯಾರೆ ಮಾಡ್ಕೋತೀನಿ, ಬ್ರೈಟ್‌ನೆಸ್ ಇಳಿಸೋದು, ಸ್ಕ್ರೀನ್ 15 ಸೆಕೆಂಡಿಗೆ ಆಫ್ ಆಗೋ ಹಂಗೆ ಇಡೋದು, ಬ್ಲೂಟೂತ್ ತೆಗೆಯೋದು, ಸಿಂಕ್ ನಿಲ್ಲಿಸೋದು. ಲಾಗಿಂಗ್ ಆ್ಯಪ್ ಒಂದಕ್ಕೆ ಮಾತ್ರ ಬ್ಯಾಟರಿ ಸೆಟ್ಟಿಂಗ್‌ನಲ್ಲಿ Unrestricted ಕೊಡೋದು. ಫೋನಿಂದ ಫೋನಿಗೆ ಇದು ಬೇರೆ ಬೇರೆ ಇರೋದ್ರಿಂದ ಹೊರಡೋಕೆ ಮುಂಚೆ ಊರಲ್ಲೇ ಸ್ಕ್ರೀನ್ ಲಾಕ್ ಮಾಡಿ ಜೇಬಲ್ಲಿಟ್ಟು ಕಾಲು ಗಂಟೆ ನಾಲ್ಕು ತಿರುವು ಇರೋ ರಸ್ತೇಲಿ ಸುತ್ತಿ ಬನ್ನಿ, ಟ್ರ್ಯಾಕಲ್ಲಿ ತಿರುವುಗಳು ಬಂದಿದ್ರೆ ಸರಿ, ನೇರ ಗೆರೆ ಬಂದಿದ್ರೆ ಫೋನು ಲಾಗನ್ನ ಮಧ್ಯದಲ್ಲಿ ಸಾಯಿಸ್ತಿದೆ ಅಂತ ಅರ್ಥ.

ಸಂಜೆ 4ಕ್ಕೆ ಹೋಂಸ್ಟೇಗೆ ಬಂದಾಗ ನಂದು 74. ತಮ್ಮನದು ಇಪ್ಪತ್ತಕ್ಕೆ ಇಳಿದಿತ್ತು, ಪವರ್‌ಬ್ಯಾಂಕ್ ಅವನಿಗೇ ಹೋಯ್ತು. ಕರೆಂಟ್ ಇನ್ನೂ ಬಂದಿರ್ಲಿಲ್ಲ, ಆಂಟಿ ಕ್ಯಾಂಡಲ್ ಹಚ್ಚಿ ಕಡಂಬಿಟ್ಟು, ಪಂದಿಕರಿ ಬಡಿಸಿದ್ರು. ರಾತ್ರಿ ನನ್ನ ಫೋನನ್ನ ಪೂರ್ತಿ ಸ್ವಿಚ್ ಆಫ್ ಮಾಡಿಟ್ಟೆ.

ಮಾರನೇ ದಿನಕ್ಕೆ ಕೆಲಸ ಹಂಚ್ಕೊಂಡ್ವಿ. ಇಬ್ರೂ ಒಂದೇ ದಾರೀನ ಲಾಗ್ ಮಾಡೋದು ಸುಮ್ನೆ ದಂಡ ಅಲ್ವಾ, ಲಾಗ್ ನನ್ನ ಫೋನಲ್ಲಿ, ಏರೋಪ್ಲೇನ್ ಮೋಡಲ್ಲಿ. ಅವನ ಫೋನ್ ಲೊಕೇಶನ್ ಆಫ್ ಮಾಡಿ ಬ್ಯಾಟರಿ ಸೇವರ್ ಹಾಕಿ ಕರೆಗೆ ಅಂತ ಆನ್ ಇಟ್ಟಿದ್ದು, ಅಲ್ಲಿ ಸೇವರ್ ಸರಿಯಾದ ಜಾಗದಲ್ಲಿತ್ತು. ಇಗ್ಗುತ್ತಪ್ಪನ ದರ್ಶನ ಮುಗಿಸಿ ಮಧ್ಯಾಹ್ನ ಕಕ್ಕಬ್ಬೆ ಬಸ್ ಹತ್ತೋವಾಗ ನನ್ನ ಫೋನಲ್ಲಿ 58 ಇತ್ತು, ಎರಡು ದಿನದ ದಾರಿ ಇರೋ ಜಿಪಿಎಕ್ಸ್ ಫೈಲೂ ಇತ್ತು.