ಸವಾನಾದಲ್ಲಿ ಟ್ರಾಲಿ ಬಿಡಿ, ಚರ್ಚಿಗೆ ನಡೆದು ಹೋಗಿ

ಅಟ್ಲಾಂಟಾದಿಂದ ಜಾರ್ಜಿಯಾದ ಸವಾನಾಗೆ ರಾತ್ರಿ ಬಸ್ ಹಿಡಿಯಬೇಡಿ. ನಮ್ಮ ಬಸ್ ತಡವಾಗಿ ಹೊರಟಿತು. ಎಸಿ ಎಷ್ಟು ಜೋರಿತ್ತೆಂದರೆ ಯಾರಿಗೂ ನಿದ್ದೆ ಬರಲಿಲ್ಲ. ಊರು ತಲುಪಿದ ಮೇಲೆ ಟ್ರಾಲಿ ಟೂರಿಗೂ ದುಡ್ಡು ಸುರಿದೆವು. ಫ್ರಾಂಕ್ಲಿನ್ ಸ್ಕ್ವೇರ್ ಬಂದಾಗ ಗೈಡ್ 'ಅದು ಹಳೇ ಚರ್ಚ್' ಅಂದು ಮುಂದಿನ ದೆವ್ವದ ಕಥೆಗೆ ಹಾರಿದ. ನೋಡಬೇಕಾದದ್ದೇ ಅದು!

ಅದು ಫಸ್ಟ್ ಆಫ್ರಿಕನ್ ಬ್ಯಾಪ್ಟಿಸ್ಟ್ ಚರ್ಚ್. ಅಲ್ಲಿ ಸೇರುವ ಕಪ್ಪು ಭಕ್ತರ ಸಭೆಯ ಬೇರು 1770ರ ದಶಕದಲ್ಲಿದೆ. ಈಗಿನ ಕಟ್ಟಡ ಮುಗಿದದ್ದು 1859ರಲ್ಲಿ. ಗುಲಾಮರಾಗಿದ್ದ ಕಪ್ಪು ಜನ ಹಗಲೆಲ್ಲ ಮಾಲೀಕರಿಗೆ ದುಡಿದು, ರಾತ್ರಿ ಇಲ್ಲಿ ಇಟ್ಟಿಗೆ ಹೊತ್ತು ಕಟ್ಟಿದರು ಎನ್ನುತ್ತಾರೆ. ಟಿಕೆಟ್ ಕೊಂಡು ಒಳಗೆ ಹೋಗಿ, ಕೆಳಗಿನ ಹಾಲ್‌ನ ನೆಲ ನೋಡಿ. ಮರದ ಹಲಗೆಗಳಲ್ಲಿ ವಜ್ರಾಕಾರದ ವಿನ್ಯಾಸವಾಗಿ ಕೊರೆದ ತೂತುಗಳಿವೆ. ಗುಲಾಮಗಿರಿಯಿಂದ ಓಡಿಬಂದವರು ಆ ನೆಲದ ಅಡಿ ಬಗ್ಗಿ ಅಡಗಿರುತ್ತಿದ್ದರು, ಉಸಿರಾಡಲು ಈ ತೂತುಗಳು ಎಂದು ಚರ್ಚಿನವರು ಹೇಳುತ್ತಾರೆ. ಅಡಗಿದವರ ಹೆಸರಿನ ಪಟ್ಟಿ ಇಲ್ಲ. ಸಿಕ್ಕಿಬಿದ್ದರೆ ಪ್ರಾಣಕ್ಕೇ ಬರುವಾಗ ಪಟ್ಟಿ ಯಾರು ಬರೆದಿಡುತ್ತಾರೆ, ಅಲ್ವಾ?

ಹಸಿವಾದರೆ ಮಾರ್ಕೆಟ್ ಕಡೆಯ ದುಬಾರಿ ಜಾಗಗಳನ್ನು ಬಿಟ್ಟು, ಎರಡು ಮೂರು ಬೀದಿ ಒಳಗೆ ಹೋಗಿ. ಸ್ಟೀಲ್ ಟ್ರೇಗಳಿಂದ ಬಡಿಸುವ ಸಣ್ಣ ಊಟದ ಅಂಗಡಿಯೊಂದರಲ್ಲಿ ನಾವು ತಿಂದ ರೆಡ್ ರೈಸ್ ಥೇಟ್ ನಮ್ಮ ಟೊಮೆಟೊ ಬಾತ್. ಜೊತೆಗೆ ಅಲಸಂದೆ, ಬೆಂಡೆಕಾಯಿ. ಇವೆರಡೂ ಆಫ್ರಿಕಾದಿಂದ ಬಂದ ಬೆಳೆಗಳು. ಬಡಿಸುವ ಅಮ್ಮ ಕೇಳದೆಯೇ ಇನ್ನೊಂದು ಸೌಟು ಹಾಕಿದರು. ಸಸ್ಯಾಹಾರಿಗಳು ಮೊದಲೇ ಕೇಳಿ, ಅನ್ನಕ್ಕೂ ಕಾಳಿಗೂ ಹಂದಿ ಮಾಂಸ ಬೀಳುವುದು ಜಾಸ್ತಿ.

ಊಟವಾದ ಮೇಲೆ ಮ್ಯಾಡಿಸನ್ ಸ್ಕ್ವೇರ್‌ನ ಗ್ರೀನ್-ಮೆಲ್ಡ್ರಿಮ್ ಮನೆಗೆ ನಡೆಯಿರಿ, ಇಪ್ಪತ್ತು ನಿಮಿಷದ ದಾರಿ. ಚರ್ಚಿನ ಕಥೆಯ ಮುಂದಿನ ಭಾಗ ಅಲ್ಲಿದೆ. 1865ರ ಜನವರಿ 12ರ ರಾತ್ರಿ, ಅಮೆರಿಕದ ಅಂತರ್ಯುದ್ಧದಲ್ಲಿ ಊರನ್ನು ಹಿಡಿದಿದ್ದ ಉತ್ತರದ ಸೇನೆಯ ಜನರಲ್ ಶರ್ಮನ್ ಮತ್ತು ಯುದ್ಧ ಮಂತ್ರಿ ಸ್ಟಾಂಟನ್, ಗುಲಾಮಗಿರಿಯಿಂದ ಬಿಡುಗಡೆಯಾದ ಜನಕ್ಕೆ ಏನು ಬೇಕೆಂದು ಕೇಳಲು 20 ಕಪ್ಪು ಮುಖಂಡರನ್ನು ಇಲ್ಲಿ ಕೂರಿಸಿದರು. ಎಲ್ಲರೂ ಬೇರೆ ಬೇರೆ ಚರ್ಚುಗಳ ಪಾದ್ರಿಗಳು, ಹಿರಿಯರು. ಕಪ್ಪು ಜನರಿಗೆ ಮತವೂ ಇಲ್ಲ, ಪದವಿಯೂ ಇಲ್ಲದ ಊರಲ್ಲಿ ಸಾವಿರಾರು ಜನರನ್ನು ಒಟ್ಟಿಗೆ ಹಿಡಿದಿದ್ದದ್ದು ಚರ್ಚೇ. ಫಸ್ಟ್ ಆಫ್ರಿಕನ್‌ನ ಪಾದ್ರಿ ವಿಲಿಯಂ ಕ್ಯಾಂಪ್‌ಬೆಲ್ ಬಂದಿದ್ದರು. ಅವರ ಸಭೆಯಲ್ಲಿ ಸುಮಾರು 1,800 ಸದಸ್ಯರು, ಆಸ್ತಿ 18,000 ಡಾಲರ್ ಎಂದು ಅಂದಿನ ದಾಖಲೆ ಹೇಳುತ್ತದೆ. ಆಸ್ತಿ ಸಭೆಯದ್ದೇ, ಆದರೆ ಟ್ರಸ್ಟಿಗಳು ಬಿಳಿಯರು!

ಎಲ್ಲರ ಪರವಾಗಿ ಮಾತಾಡಿದವರು 67 ವರ್ಷದ ಗ್ಯಾರಿಸನ್ ಫ್ರೇಜಿಯರ್. 1,000 ಡಾಲರ್ ಕೊಟ್ಟು ತಮ್ಮನ್ನೂ ಹೆಂಡತಿಯನ್ನೂ ಬಿಡಿಸಿಕೊಂಡವರು. ನಮಗೆ ಜಮೀನು ಕೊಡಿ, ನಾವೇ ಉತ್ತು ಬದುಕುತ್ತೇವೆ ಎಂದರು. ನಾಲ್ಕೇ ದಿನಕ್ಕೆ ಕರಾವಳಿ ಜಮೀನು ಹಂಚುವ ಆದೇಶ ಬಂತು, ಕುಟುಂಬಕ್ಕೆ 40 ಎಕರೆವರೆಗೆ. ಅದೇ ವರ್ಷ ಅಧ್ಯಕ್ಷ ಜಾನ್ಸನ್ ಬಹುಪಾಲನ್ನು ಹಳೇ ಮಾಲೀಕರಿಗೆ ವಾಪಸ್ ಮಾಡಿಸಿದರು.

ಈ ಮನೆ ವಾರವಿಡೀ ತೆರೆದಿರುವುದಿಲ್ಲ. ಮೊದಲು ಅದರ ದಿನ ನೋಡಿಕೊಂಡು, ಆಮೇಲೆ ಚರ್ಚಿನ ಟಿಕೆಟ್ ತೆಗೆದುಕೊಳ್ಳಿ.